ಬಂಗಡೆ ಸಾರಿಗೆ ಹಬೆ ಹತ್ತಿಸಿದ್ದು

ಆಗಸ್ಟ್ ಮೊದಲ ವಾರ. ಜೂನ್, ಜುಲೈ ಎರಡು ತಿಂಗಳ ಮೀನುಗಾರಿಕೆ ನಿಷೇಧ ಮುಗಿದು ಕಾರವಾರದ ಪೇಟೆಗೆ ಮತ್ತೆ ತಾಜಾ ಬಂಗಡೆ ಬರತೊಡಗಿತ್ತು. ಕೋಡಿಬಾಗ ಕಡೆಯ ಒಂದು ಖಾನಾವಳಿಯ ಬೋರ್ಡಿಗೆ ಊಟದ ಫೋಟೊ ತೆಗೆಯಲು ಹೋಗಿದ್ದೆ. ಬಾಳೆಎಲೆ, ಕೆಂಪಕ್ಕಿ ಅನ್ನ, ಸ್ಟೀಲ್ ಬಟ್ಟಲಲ್ಲಿ ಸಾರು. ಎಡಕ್ಕೆ ತುಸು ಹಿಂದೆ ಕಿಟಕಿ, ಹೊರಗೆ ಮೋಡ. ಎಲೆ ಒರೆಸಿ ಬಟ್ಟಲು ಅತ್ತಿತ್ತ ಸರಿಸುವಷ್ಟರಲ್ಲಿ ಸಾರು ಆರಿಹೋಗಿತ್ತು. ಖಾನಾವಳಿಯ ಅಕ್ಕ ಫೋಟೊ ನೋಡಿ, "ಚೊಲೊ ಬಂದದೆ ತಮ್ಮಾ, ಆದ್ರೆ ನಿನ್ನೆ ಸಾರಿನ ಹಾಂಗೆ ಕಾಣ್ತದೆ. ಸೋಲ್ ಕಡಿ ಇಡೂದೂ ಮರ್ತೋಯ್ತು" ಅಂದರು. ಊಟದ ಜೊತೆ ಕೊಡುವ, ಕೋಕಂ ಮತ್ತು ತೆಂಗಿನಹಾಲಿನ ತಿಳಿಗುಲಾಬಿ ಪಾನೀಯವೇ ಸೋಲ್ ಕಡಿ.

ಮನೆಗೆ ಬಂದು ಇಂಟರ್‌ನೆಟ್ಟಿನಲ್ಲಿ ಪುಕ್ಕಟೆ ಸಿಕ್ಕ ಹಬೆಯ ಚಿತ್ರವೊಂದನ್ನು ಅಂಟಿಸಿದೆ. ಅಕ್ಕ ನಕ್ಕರು: "ಬಂಗಡೆ ಎದ್ರು ಅಗರಬತ್ತಿ ಯಾಕೆ ಹಚ್ಚೀಯೋ ಮಾರಾಯಾ?"

ಅವರು ಹೇಳಿದ್ದು ಸರಿಯೇ. ಹಬೆಯೆಂದರೆ ಸಣ್ಣ ಸಣ್ಣ ನೀರ ಹನಿ. ಬೆಳಕು ಅದರ ಹಿಂದಿನಿಂದ ಕ್ಯಾಮೆರಾದ ಕಡೆಗೆ ಬಂದಾಗ ಅದು ಚೆನ್ನಾಗಿ ಹೊಳೆಯುತ್ತದೆ, ಬೆಳಕಿನ ಕಡೆಯ ಅಂಚು ಹೆಚ್ಚು ಬೆಳ್ಳಗಿರುತ್ತದೆ. ನನ್ನ ಕಿಟಕಿ ಎಡಕ್ಕಿತ್ತು. ತಂದು ಅಂಟಿಸಿದ ಹಬೆ ಬಲಕ್ಕೆ ಹೊಳೆಯುತ್ತಿತ್ತು.

ಹಾಗಾಗಿ ಹಬೆಯನ್ನೂ ಅದೇ ಕಿಟಕಿಯ ಹತ್ತಿರ ನಾನೇ ತೆಗೆದೆ. ಅದೇ ಬಟ್ಟಲಿಗೆ ಕುದಿಯುವ ನೀರು ಹೊಯ್ದು, ಒಂದು ಮೀಟರ್ ಹಿಂದೆ, ಕಿಟಕಿಯ ಬೆಳಕು ಬೀಳದ ಕಡೆ, ಕಪ್ಪು ಬಟ್ಟೆ ಕಟ್ಟಿದೆ. ಫೋಕಸ್ ಹಬೆಯನ್ನು ಹಿಡಿಯುವುದಿಲ್ಲ. ಅದಕ್ಕೆ ಹಬೆ ಏಳುವ ಜಾಗದಲ್ಲಿ ಒಂದು ಸೌಟು ಹಿಡಿದು ಫೋಕಸ್ ಮಾಡಿ, ಮ್ಯಾನುವಲ್‌ಗೆ ಹಾಕಿ ಬಿಟ್ಟೆ. ಶಟರ್ 1/125. ಇದಕ್ಕಿಂತ ತೀರ ನಿಧಾನವಾದರೆ ಎಳೆಗಳೆಲ್ಲ ಕಲಸಿ ಮಂಜಿನಂತಾಗುತ್ತವೆ. ಮಳೆಗಾಲದ ತಂಪು ಬೆಳಗಾದ್ದರಿಂದ ಹಬೆ ಹೆಚ್ಚು ಹೊತ್ತು ನಿಂತಿತು. ಹೀಗಿದ್ದೂ ನಲವತ್ತು ಚಿತ್ರಗಳಲ್ಲಿ ಕೆಲಸಕ್ಕೆ ಬಂದದ್ದು ಎರಡೇ.

ಫೋಟೊ ತಿದ್ದುವ GIMP ತಂತ್ರಾಂಶದಲ್ಲಿ ಹಬೆಯ ಚಿತ್ರವನ್ನು ಊಟದ ಫೋಟೊದ ಮೇಲೆ ಪದರವಾಗಿ ಇಟ್ಟು Screen ಮಾಡಿದರೆ ಕಪ್ಪೆಲ್ಲ ಮಾಯವಾಗಿ ಬಿಳಿಯಷ್ಟೇ ಉಳಿಯುತ್ತದೆ. ಆದರೆ ಬಟ್ಟೆ ಪೂರ್ತಿ ಕಪ್ಪಾಗಿರುವುದಿಲ್ಲ. ಚಿತ್ರದ ಮೇಲೆ ಚೌಕಾಕಾರದ ಬೂದು ಪೊರೆ ಕಂಡರೆ ಕಾರಣ ಅದೇ. Levels ತೆರೆದು, ಮೂಲೆಗಳು ಅಚ್ಚ ಕಪ್ಪಾಗುವವರೆಗೆ ಎಡದ ಗುಂಡಿಯನ್ನು ಬಲಕ್ಕೆ ಎಳೆದೆ. ಬಿಳಿಯನ್ನು Screen ಇನ್ನಷ್ಟು ಬಿಳಿ ಮಾಡಲಾರದು, ಹಾಗಾಗಿ ಅನ್ನದ ಮೇಲೆ ಹಬೆ ಕಾಣಲೇ ಇಲ್ಲ. ಎಳೆಯನ್ನು ತುಸು ತಿರುಗಿಸಿ, ಹಿಂದಿನ ಕಂದು ಬಾಗಿಲಿನ ಮೇಲೆ ಹಾಯುವಂತೆ ಮಾಡಿದೆ. ಬುಡವನ್ನು ಮಾಸ್ಕಿನಿಂದ ಅಳಿಸುತ್ತಾ ಬಂದು ಸಾರಿನ ಮೇಲ್ಮೈಗೆ ಕೂರಿಸಿದೆ, ಬಟ್ಟಲಿನ ಅಂಚಿಗಲ್ಲ. ಮೊದಲ ಸಲ ಅಗರಬತ್ತಿಯಂತೆ ಕಂಡದ್ದಕ್ಕೆ ಅರ್ಧ ಕಾರಣ ಇದೇ: ಅದು ಅಂಚಿನಿಂದ ಎದ್ದಿತ್ತು.

ಅದೇ ಫೋಟೊಗೆ ಸೇರಿಸಲು ಸೋಲ್ ಕಡಿಯ ಫೋಟೊ ತೆಗೆಯುವಾಗ ಅಕ್ಟೋಬರ್ ಆಗಿತ್ತು. ಬಿಸಿಲು ಬಿದ್ದು ಬಟ್ಟಲಿನ ನೆರಳಿಗೆ ಚಾಕುವಿನಂಥ ಅಂಚು. ಹಳೆಯ ಫೋಟೊದಲ್ಲಿ ಮೋಡದ ಮೆತ್ತನೆ ನೆರಳು. ಕಿಟಕಿಗೆ ಬಿಳಿ ಪಂಚೆ ಕಟ್ಟಿದ ಮೇಲೆ ಹೊಂದಿತು. ಕ್ಯಾಮೆರಾದ ಕೋನಕ್ಕೆ ಬಟ್ಟಲಿನ ಬಾಯಿಯನ್ನೇ ಅಳೆದೆ. ಫೋಟೊದಲ್ಲಿ ಸಾರಿನ ಬಟ್ಟಲ ಬಾಯಿ 600 ಪಿಕ್ಸೆಲ್ ಅಗಲ, 420 ಎತ್ತರ. ಅಂದರೆ ಹೆಚ್ಚುಕಡಿಮೆ 45 ಡಿಗ್ರಿ ಮೇಲಿನಿಂದ ನೋಡಿದ್ದು. ಹೊಸ ಬಟ್ಟಲಿಗೂ ಅದೇ ಪ್ರಮಾಣ ಬರುವವರೆಗೆ ಟ್ರೈಪಾಡ್ ಏರಿಸಿ ಇಳಿಸಿದೆ. ಕೆಳಗೆ ಬಾಳೆಎಲೆಯ ತುಂಡು ಹಾಸಿದ್ದೆ, ಸ್ಟೀಲಿನ ಬುಡದಲ್ಲಿ ಹಸಿರು ಪ್ರತಿಫಲಿಸದಿದ್ದರೆ ಬಟ್ಟಲು ತೇಲಿದಂತೆ ಕಾಣುತ್ತದೆ.

ಬಟ್ಟಲನ್ನು ಕತ್ತರಿಸಿ ಇಟ್ಟ ಮೇಲೆ ನೆರಳು ಬರೆದೆ. ಶುದ್ಧ ಕಪ್ಪು ಬಳಿಯಲಿಲ್ಲ. ಸಾರಿನ ಬಟ್ಟಲ ನೆರಳಿನಿಂದಲೇ ಆ ಕಡುಹಸಿರನ್ನು ಎತ್ತಿ, ಕೆಳಗಿನದನ್ನು ಗಾಢವಾಗಿಸುವ Multiply ಪದರದಲ್ಲಿ ಎರಡು ಸಲ ಎಳೆದೆ. ಬುಡಕ್ಕೆ ಅಂಟಿಕೊಂಡು ಸಪೂರಾದ ಗಾಢ ಗೆರೆ ಒಂದು. ಬಲಕ್ಕೆ, ನಮ್ಮ ಕಡೆಗೆ ಚಾಚಿ ದೂರ ಹೋದಂತೆ ಅಗಲವಾಗಿ ಕರಗುವ ನೆರಳು ಇನ್ನೊಂದು. ಎಲೆಯ ನರಗಳು ಅದರಡಿ ಕಾಣಿಸುತ್ತಲೇ ಇರಬೇಕು. ಕಡೆಗೆ ಇಡೀ ಚಿತ್ರವನ್ನು ಕಪ್ಪು-ಬಿಳುಪು ಮಾಡಿ ನೋಡಿದೆ. ಬಣ್ಣದ ಗದ್ದಲ ಹೋದಾಗ ಸೋಲ್ ಕಡಿ ಉಳಿದೆಲ್ಲಕ್ಕಿಂತ ಬೆಳ್ಳಗಿರುವುದು ತಕ್ಷಣ ಕಣ್ಣಿಗೆ ಬಿತ್ತು, ತುಸು ಇಳಿಸಿದೆ.

ಇಷ್ಟಾದ ಮೇಲೂ ಕೈ ಸುಮ್ಮನಿರದೆ ಸಾರಿನ ಮೇಲೆ ಎರಡು ಎಸಳು ಕೊತ್ತಂಬರಿ ಇಟ್ಟಿದ್ದೆ. ಎಲೆಯ ಸುತ್ತ ಸಾರಿನ ಕೆಂಪು ಛಾಯೆಯನ್ನೂ ಹಚ್ಚಿದ್ದರಿಂದ ನನಗದು ಹೆಮ್ಮೆಯ ಕೆಲಸ. ಅಕ್ಕ ನೋಡಿದವರೇ, "ಬಂಗಡೆಗೆ ನಾವು ತೆಪ್ಪಲ ಹಾಕೂದು. ಈ ಸೊಪ್ಪು ಯಾರ ಮನೇದು? ತೆಗಿ" ಅಂದರು. ತೆಗೆದೆ.

ಬೋರ್ಡು ಈಗ ಬಾಗಿಲ ಮೇಲಿದೆ. ಸಾರಿನ ಬಟ್ಟಲಿನ ಹೊಟ್ಟೆಯಲ್ಲಿ ಬಿಳಿ ಗೋಡೆ ಮೂಡಿದೆ. ಸೋಲ್ ಕಡಿಯ ಬಟ್ಟಲಿನಲ್ಲಿ ಮಾತ್ರ ಸಣ್ಣದೊಂದು ನೀಲಿ ಕಲೆ, ಅಂದು ನಾನು ಹಾಕಿದ್ದ ಅಂಗಿ. ಯಾರೂ ಗಮನಿಸಿಲ್ಲ. ಊಟಕ್ಕೆ ಹೋದಾಗಲೆಲ್ಲ ನನಗೆ ಮೊದಲು ಕಾಣುವುದು ಅದೇ.