ಕಂತಿನಿಂದ ಸಾಲಕ್ಕೆ: ಮನೆ ಸಾಲದ ಮಿತಿಯನ್ನು ನಾನು ಲೆಕ್ಕ ಹಾಕಿದ ಬಗೆ

ಬ್ಯಾಂಕಿಗೆ ಹೋದರೆ ಮೊದಲು ಕೇಳುವುದು ಎಷ್ಟು ಸಾಲ ಬೇಕು ಎಂದು. ಆ ಮೊತ್ತ ಹೇಳಿದ ಮೇಲೆ ಕಂತು ಎಷ್ಟಾಗುತ್ತದೆ ಎಂದು ಅವರು ತಿಳಿಸುತ್ತಾರೆ. ನಾನು ಇದನ್ನು ತಿರುಗಿಸಿ ಮಾಡಿದೆ. ತಿಂಗಳಿಗೆ ಎಷ್ಟು ಕಂತು ಕಟ್ಟಬಲ್ಲೆ ಎಂಬುದನ್ನು ಮೊದಲು ಗಟ್ಟಿ ಮಾಡಿಕೊಂಡು, ಅಷ್ಟು ಕಂತು ಹೊರಬಲ್ಲ ಅತಿ ದೊಡ್ಡ ಸಾಲ ಯಾವುದು ಎಂದು ಹುಡುಕಿದೆ.

ಆದಾಯ ಎಂದರೆ ಯಾವುದು ಎಂಬಲ್ಲೇ ಹೆಚ್ಚಿನ ತಪ್ಪು ಆಗುವುದು. ಸಂಬಳದ ಚೀಟಿಯ ಮೇಲಿನ ಒಟ್ಟು ಮೊತ್ತವನ್ನು ನಾನು ತೆಗೆದುಕೊಳ್ಳಲಿಲ್ಲ. ಪಿಂಚಣಿ ವಂತಿಗೆ, ವೃತ್ತಿ ತೆರಿಗೆ, ವಿಮೆ ಎಲ್ಲ ಕಳೆದು ಖಾತೆಗೆ ಬಂದು ಬೀಳುವ 60,000 ರೂಪಾಯಿಯೇ ನನ್ನ ಲೆಕ್ಕದ ಆದಾಯ. ಶಿರಸಿಯ ತೋಟದಲ್ಲಿ ನನ್ನ ಪಾಲಿಗೆ ಬರುವ ಅಡಿಕೆ ಹಣವನ್ನು ಇದಕ್ಕೆ ಸೇರಿಸಲಿಲ್ಲ. ಅಡಿಕೆ ಹಣ ವರ್ಷಕ್ಕೊಮ್ಮೆ, ರಾಶಿಯನ್ನೋ ಚಾಲಿಯನ್ನೋ ಮಾರಿದಾಗ ಬರುತ್ತದೆ. ಕೊಳೆರೋಗ ಬಂದ ವರ್ಷ ಅದರಲ್ಲಿ ಅರ್ಧವೂ ಇರುವುದಿಲ್ಲ. ಕಂತು ಮಾತ್ರ ಪ್ರತಿ ತಿಂಗಳೂ ಬರುತ್ತದೆ. ವರ್ಷದ ಆದಾಯವನ್ನು ಹನ್ನೆರಡರಿಂದ ಭಾಗಿಸಿ ತಿಂಗಳ ಆದಾಯ ಎಂದುಕೊಂಡರೆ ಆಷಾಢದಲ್ಲಿ ಕಂತಿಗೆ ಹಣ ಸಾಲುವುದಿಲ್ಲ.

ಇನ್ನು ಪಾಲು. ಎಲ್ಲ ಸಾಲಗಳ ಕಂತೂ ಸೇರಿ ಕೈಗೆ ಬರುವ ಸಂಬಳದ ಶೇ. 40 ಮೀರಬಾರದು ಎಂದು ಇಟ್ಟುಕೊಂಡೆ. ಇದಕ್ಕಿಂತ ಹೆಚ್ಚಿನ ಪಾಲನ್ನು ಒಪ್ಪುವ ಬ್ಯಾಂಕುಗಳೂ ಇವೆ. ಆದರೆ ನನ್ನ ಪಾಲು ಬಂದದ್ದು ಮನೆಖರ್ಚಿನಿಂದ. ಪಾಸ್‌ಬುಕ್ಕಿನ ಹನ್ನೆರಡು ತಿಂಗಳ ಲೆಕ್ಕ ತೆಗೆದಾಗ, ಜೂನ್‌ ತಿಂಗಳ ಶಾಲಾ ಶುಲ್ಕವನ್ನೂ ಹಂಚಿ ಹಾಕಿದರೆ, ಬಾಡಿಗೆ ಬಿಟ್ಟು ತಿಂಗಳಿಗೆ ಸರಾಸರಿ 30,000 ಖರ್ಚಿತ್ತು. ಆಪತ್ತಿಗೆಂದು 6,000 ಉಳಿಸಲೇಬೇಕು. ಉಳಿಯುವುದು 24,000, ಅಂದರೆ ಸರಿಯಾಗಿ ಶೇ. 40. ಅದರಲ್ಲಿ ವಾಹನ ಸಾಲದ ಕಂತು 4,000 ಹೋಗುತ್ತದೆ. ಮನೆಗೆ ಉಳಿದದ್ದು 20,000.

ಈ 20,000ವನ್ನು ಸಾಲದ ಮೊತ್ತಕ್ಕೆ ತಿರುಗಿಸುವ ಸೂತ್ರ ಇದು. E ಎಂದರೆ ಕಂತು, r ತಿಂಗಳ ಬಡ್ಡಿ, n ತಿಂಗಳುಗಳ ಸಂಖ್ಯೆ, L ಸಾಲ:

```
L = E × (1 − (1 + r)^(−n)) / r
```

ಎಕ್ಸೆಲ್‌ನಲ್ಲಾದರೆ ಒಂದೇ ಸಾಲು ಸಾಕು. ಶೇ. 8.5 ಬಡ್ಡಿ, 20 ವರ್ಷಕ್ಕೆ:

```
=PV(8.5%/12, 240, -20000)
```

ಉತ್ತರ ಸುಮಾರು 23,04,600 ರೂಪಾಯಿ. ಬಡ್ಡಿಯನ್ನು 12ರಿಂದ ಭಾಗಿಸಲು ಮರೆತರೆ ಉತ್ತರ ಎರಡೂವರೆ ಲಕ್ಷಕ್ಕಿಂತ ಕೆಳಗಿಳಿಯುತ್ತದೆ, ತಪ್ಪು ಅಲ್ಲೇ ಗೊತ್ತಾಗುತ್ತದೆ. ಕಂತಿನ ಹಿಂದೆ ಕಳೆಯುವ ಚಿಹ್ನೆ ಹಾಕದಿದ್ದರೆ ಉತ್ತರವೇ ಋಣ ಸಂಖ್ಯೆಯಾಗಿ ಬರುತ್ತದೆ.

ಉತ್ತರವನ್ನು ಕಂತಿನಿಂದ ಭಾಗಿಸಿದರೆ 115.23 ಸಿಗುತ್ತದೆ. ಈ ದರ ಮತ್ತು ಅವಧಿಯಲ್ಲಿ ಒಂದು ರೂಪಾಯಿ ಕಂತು ಹೊರುವ ಸಾಲ ಅಷ್ಟು. ಇದನ್ನು ಕೈಯಲ್ಲಿಟ್ಟುಕೊಂಡರೆ ಬಹಳ ಸಂಗತಿಗಳು ಬಾಯಿಲೆಕ್ಕದಲ್ಲೇ ತಿಳಿಯುತ್ತವೆ. ನನ್ನ 4,000ದ ವಾಹನ ಕಂತು ಮನೆ ಸಾಲದಲ್ಲಿ 4.6 ಲಕ್ಷವನ್ನು ನುಂಗಿದೆ. ವಾಹನ ಸಾಲದ ಹತ್ತು ಕಂತು ಮಾತ್ರ ಬಾಕಿ ಇರುವವರು ಮೊದಲು ಅದನ್ನು ತೀರಿಸಿ ಆಮೇಲೆ ಅರ್ಜಿ ಹಾಕುವುದು ಒಳ್ಳೆಯದು. ನನ್ನದು ಇನ್ನೂ ಮೂರು ವರ್ಷ ಇತ್ತು, ತೀರಿಸಲು ಹೋದರೆ ಮನೆಗೆ ಹಾಕಬೇಕಾದ ಸ್ವಂತ ಹಣವೇ ಖಾಲಿಯಾಗುತ್ತಿತ್ತು. ಹಾಗಾಗಿ ಅದನ್ನು ಬಿಟ್ಟೆ.

ಅವಧಿ ಹೆಚ್ಚಿಸಿ ನೋಡುವ ಆಸೆ ಎಲ್ಲರಿಗೂ ಆಗುತ್ತದೆ. ಅದೇ 20,000 ಕಂತಿಗೆ 15 ವರ್ಷವಾದರೆ 20.3 ಲಕ್ಷ, 20 ವರ್ಷಕ್ಕೆ 23 ಲಕ್ಷ, 30 ವರ್ಷಕ್ಕೆ 26 ಲಕ್ಷ. ಕೊನೆಯ ಹತ್ತು ವರ್ಷಗಳಲ್ಲಿ ಕಟ್ಟುವ 24 ಲಕ್ಷಕ್ಕೆ ಸಿಗುವುದು ಬರೀ 3 ಲಕ್ಷ ಹೆಚ್ಚಿನ ಸಾಲ. ನಿವೃತ್ತಿಯಾಚೆಗೂ ಕಂತು ಉಳಿಯುವುದು ಬೇಡವಾಗಿತ್ತು, ಆದ್ದರಿಂದ 20ಕ್ಕೇ ನಿಲ್ಲಿಸಿದೆ.

ಆದರೆ 23 ಲಕ್ಷವನ್ನು ನಾನು ಕೊನೆಯ ಉತ್ತರ ಎಂದು ಒಪ್ಪಲಿಲ್ಲ. ಈಗಿನ ಬದಲಾಗುವ ದರದ ಸಾಲಗಳು ಹೆಚ್ಚಾಗಿ ರೆಪೊ ದರಕ್ಕೆ, ಅಂದರೆ ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಸಾಲ ಕೊಡುವ ದರಕ್ಕೆ, ಕಟ್ಟಿಕೊಂಡಿರುತ್ತವೆ. ಮೇ 2022ರಿಂದ ಫೆಬ್ರವರಿ 2023ರೊಳಗೆ ರೆಪೊ ಶೇ. 4ರಿಂದ ಶೇ. 6.5ಕ್ಕೆ ಏರಿತು. ಹತ್ತು ತಿಂಗಳೂ ತುಂಬದ ಅವಧಿಯಲ್ಲಿ ಎರಡೂವರೆ ಅಂಶ. ಸಾಲ ತೆಗೆದ ಹೊಸತರಲ್ಲೇ ನನ್ನ ದರ 8.5ರಿಂದ 10.5ಕ್ಕೆ ಏರಿದರೆ ಏನಾಗುತ್ತದೆ? 23,04,600ಕ್ಕೆ ತಿಂಗಳ ಬಡ್ಡಿಯೇ 20,165. ನಾನು ಕಟ್ಟುವ 20,000 ಬಡ್ಡಿಗೂ ಸಾಲದು, ಅಸಲು ಇಳಿಯುವ ಬದಲು ತಿಂಗಳು ತಿಂಗಳೂ ಏರುತ್ತದೆ. ಅವಧಿಯನ್ನು ಎಷ್ಟು ಎಳೆದರೂ ಆ ಸಾಲ ತೀರುವುದಿಲ್ಲ. ಹೀಗೆ ಅಸಲು ಬೆಳೆಯುವಂತೆ ಅವಧಿ ಎಳೆಯಕೂಡದು ಎಂದು ರಿಸರ್ವ್ ಬ್ಯಾಂಕ್ ಆಗಸ್ಟ್ 2023ರಲ್ಲಿ ಹೇಳಿದೆ. ಹಾಗಾದರೆ ಕಂತು ಏರಲೇಬೇಕು. 20 ವರ್ಷದೊಳಗೇ ತೀರಬೇಕಾದರೆ ಅದು ಸುಮಾರು 23,000 ಆಗುತ್ತದೆ. ವಾಹನದ್ದೂ ಸೇರಿ 27,000, ಅಂದರೆ ಶೇ. 45. ಆಪತ್ತಿಗೆಂದು ಇಟ್ಟ 6,000ದಲ್ಲಿ ಅರ್ಧ ಅಲ್ಲಿಗೇ ಹೋಯಿತು.

ಅದಕ್ಕೇ ಸೂತ್ರದಲ್ಲಿ ಇವತ್ತಿನ ದರ ಹಾಕದೆ ಎರಡು ಅಂಶ ಹೆಚ್ಚು ಹಾಕಿದೆ:

```
=PV(10.5%/12, 240, -20000)
```

ಇದು ಕೊಟ್ಟದ್ದು 20.03 ಲಕ್ಷ. ನನ್ನ ಮಿತಿ 20 ಲಕ್ಷ ಎಂದು ಬರೆದಿಟ್ಟುಕೊಂಡೆ. 8.5ರಲ್ಲಿ ಇದರ ಕಂತು 17,356. ದರ 10.5 ಆದರೂ 19,968, ಅಂದರೆ 20,000ದ ಒಳಗೇ.

ಕಟ್ಟಿಸುವ ಮನೆಗೆ ಇನ್ನೊಂದು ಪರೀಕ್ಷೆ ಬೇಕು. ಸಾಲ ಒಮ್ಮೆಲೇ ಬರುವುದಿಲ್ಲ, ತಳಪಾಯ, ಗೋಡೆ, ಸ್ಲ್ಯಾಬ್ ಎಂದು ಹಂತ ಹಂತವಾಗಿ ಬಿಡುಗಡೆಯಾಗುತ್ತದೆ. ಪೂರ್ತಿ ಬಿಡುಗಡೆಯಾಗುವವರೆಗೆ ಸಾಮಾನ್ಯವಾಗಿ ಕೊಟ್ಟ ಹಣಕ್ಕೆ ಬಡ್ಡಿ ಮಾತ್ರ ಕಟ್ಟುತ್ತೇವೆ, ಅಸಲು ಒಂದು ರೂಪಾಯಿಯೂ ಇಳಿಯುವುದಿಲ್ಲ. ಜೊತೆಗೆ ಬಾಡಿಗೆ. ನನ್ನ ಕಾರವಾರದ ಬಾಡಿಗೆ 9,000. 10 ಲಕ್ಷ ಬಿಡುಗಡೆಯಾದಾಗ ಬಡ್ಡಿ 7,083, ಬಾಡಿಗೆ ಸೇರಿ 16,083, ತೊಂದರೆ ಇಲ್ಲ. ಪೂರ್ತಿ 20 ಲಕ್ಷ ಬಂದೂ ಒಕ್ಕಲಾಗದಿದ್ದರೆ ಬಡ್ಡಿ 14,167, ಬಾಡಿಗೆ ಸೇರಿ 23,167. ತಿಂಗಳ 20,000ದ ಮಿತಿ ದಾಟಿತು. ಕಂತು ಶುರುವಾಗಿಬಿಟ್ಟರೆ ಇನ್ನೂ 3,000 ಹೆಚ್ಚು.

ಕರಾವಳಿಯಲ್ಲಿ ಜೂನ್‌ನಿಂದ ನಾಲ್ಕು ತಿಂಗಳು ಹೊರಗಿನ ಕೆಲಸ ಹೆಚ್ಚುಕಡಿಮೆ ನಿಂತೇ ಹೋಗುತ್ತದೆ. ಮಳೆಗೆ ಮುಂಚೆ ಸ್ಲ್ಯಾಬಿನ ಹಣ ಎತ್ತಿ, ಸ್ಲ್ಯಾಬ್ ಹಾಕಲಾಗದೆ ಹೋದರೆ, ಕೆಲಸಕ್ಕೆ ಬಾರದ ಹಣಕ್ಕೆ ನಾಲ್ಕು ತಿಂಗಳು ಬಡ್ಡಿ ಕಟ್ಟಿದಂತೆ. ಹಾಗಾಗಿ ದೀಪಾವಳಿ ಕಳೆದು ತಳಪಾಯ ತೆಗೆಸಿ, ಮೇ ತಿಂಗಳೊಳಗೆ ಸ್ಲ್ಯಾಬ್ ಮುಗಿಯುವಂತೆ ಬಿಡುಗಡೆಗೆ ಅರ್ಜಿ ಕೊಟ್ಟೆ. ಪ್ಲಾಸ್ಟರು, ನೆಲಹಾಸಿನ ಹಣದ ಬಿಡುಗಡೆ ಮಳೆಗಾಲಕ್ಕೆ ಉಳಿಯಿತು. ಮಿತಿ ದಾಟುವ ಮೂರು ತಿಂಗಳಿಗೆ ಬೇಕಾದ 10,000ವನ್ನು ಮೊದಲೇ ತೆಗೆದಿಟ್ಟೆ.

ಅಡಿಕೆ ಹಣಕ್ಕೆ ಕೆಲಸ ಸಿಗುವುದು ಸಾಲ ಶುರುವಾದ ಮೇಲೆ. ವ್ಯಕ್ತಿಗಳ ಹೆಸರಿನ, ಬದಲಾಗುವ ದರದ ಮನೆ ಸಾಲಕ್ಕೆ ಅವಧಿಗೆ ಮುಂಚೆ ಹಣ ಕಟ್ಟಿದರೆ ಬ್ಯಾಂಕು ದಂಡ ಹಾಕುವಂತಿಲ್ಲ. 20 ಲಕ್ಷಕ್ಕೆ ಶೇ. 8.5ರಲ್ಲಿ 17,356 ಕಂತಿನ ಜೊತೆ ವರ್ಷಕ್ಕೊಮ್ಮೆ 50,000 ಅಸಲಿಗೆ ಕಟ್ಟಿದರೆ 20 ವರ್ಷದ ಸಾಲ 13 ವರ್ಷದೊಳಗೆ ಮುಗಿಯುತ್ತದೆ. ಒಂದು ವರ್ಷ ಬೆಳೆ ಕೈಕೊಟ್ಟರೆ ಆ ವರ್ಷ ಕಟ್ಟುವುದಿಲ್ಲ, ಅಷ್ಟೇ. ಆ ಹಣ ಕಟ್ಟುವಾಗ ಕಂತು ಹಾಗೇ ಇರಲಿ, ಅವಧಿ ಇಳಿಸಿ ಎಂದು ಲಿಖಿತವಾಗಿ ಕೊಡಬೇಕು, ಮುಂದಿನ ತಿಂಗಳ ಖಾತೆ ವಿವರದಲ್ಲಿ ಉಳಿದ ಕಂತುಗಳ ಸಂಖ್ಯೆ ಇಳಿದಿದೆಯೇ ಎಂದು ನೋಡಬೇಕು. ಸಂಖ್ಯೆ ಹಾಗೇ ಇದ್ದು ಕಂತು ಇಳಿದಿದ್ದರೆ ಕೋರಿಕೆ ತಿರುಗುಮುರುಗಾಗಿದೆ, ಕೂಡಲೇ ತಿದ್ದಿಸಬೇಕು.