ಶೀರ್ಷಿಕೆಯಲ್ಲಿ ಸಂಖ್ಯೆ: ಮೊದಲು ಎಣಿಸಿ, ಆಮೇಲೆ ಹಾಕಿ

‘ಮಿಡಿ ಉಪ್ಪಿನಕಾಯಿ ಕೆಡದಿರಲು 10 ಸಲಹೆಗಳು’ ಎಂಬ ಲೇಖನ ಬರೆದಿದ್ದೀರಿ ಎಂದುಕೊಳ್ಳಿ. ಆ 10 ಎಲ್ಲಿಂದ ಬಂತು? ಬರೆದು ಮುಗಿಸಿ ಎಣಿಸಿದಾಗ ಸಿಕ್ಕಿದ್ದೋ, ಮೊದಲೇ ಶೀರ್ಷಿಕೆ ಇಟ್ಟುಕೊಂಡು ಆಮೇಲೆ ತುಂಬಿಸಿದ್ದೋ? ತುಂಬಿಸಿದ್ದಾದರೆ ಓದುವವರಿಗೆ ಐದನೇ ಸಲಹೆಯ ಹೊತ್ತಿಗೇ ಗೊತ್ತಾಗಿಬಿಡುತ್ತದೆ.

ಮೊದಲು ಶೀರ್ಷಿಕೆಯನ್ನು ಮುಚ್ಚಿಟ್ಟು ಸಲಹೆಗಳನ್ನಷ್ಟೇ ಓದಿ. ‘ಒಳ್ಳೆಯ ಮಿಡಿ ಆರಿಸಿ’ ಎಂದಿದೆ. ಒಳ್ಳೆಯದು ಅಂದರೆ ಯಾವುದು? ತೊಟ್ಟು ಇರುವುದೇ, ಪೆಟ್ಟು ಬೀಳದ್ದೇ? ಹೇಳಿಲ್ಲ ಅಂದರೆ ಅದು ಸಲಹೆಯೇ ಅಲ್ಲ, ಹೊಡೆದುಹಾಕಿ. ‘ಭರಣಿ ಒಣಗಿರಲಿ’, ‘ಒದ್ದೆ ಸೌಟು ಬೇಡ’, ‘ಕೈ ಒರೆಸಿಕೊಳ್ಳಿ’ ಮೂರೂ ಹೇಳುವುದು ನೀರು ತಾಗಬಾರದು ಎಂಬ ಒಂದೇ ಮಾತನ್ನು. ಅವನ್ನು ಸೇರಿಸಿ. ಹೀಗೆ ಮಾಡುತ್ತಾ ಹೋದರೆ ಉಳಿಯುವುದು ಮೂರು: ಉಪ್ಪು ಕಡಿಮೆ ಮಾಡಬೇಡಿ, ನೀರು ತಾಗಿಸಬೇಡಿ, ಮಿಡಿ ರಸದಲ್ಲಿ ಮುಳುಗಿರಲಿ. ಹಾಗಾದರೆ ಶೀರ್ಷಿಕೆಯಲ್ಲಿ 3 ಅಂತಲೇ ಹಾಕಿ. ಮೂರನ್ನು ಓದಿದವರು ಮೂರನ್ನೂ ನೆನಪಿಟ್ಟುಕೊಳ್ಳುತ್ತಾರೆ.

ಮುಂದೆ, ಇವು ಸಲಹೆಗಳೋ ಹಂತಗಳೋ ನೋಡಿ. ಎರಡನ್ನು ಅದಲುಬದಲು ಮಾಡಿದರೆ ಸಾಕು, ತಿಳಿಯುತ್ತದೆ. ಮೇಲಿನ ಮೂರನ್ನು ಹೇಗೆ ಜೋಡಿಸಿದರೂ ನಡೆಯುತ್ತದೆ, ಅವು ಸಲಹೆ. ಆದರೆ ಮಿಡಿ ತೊಳೆದು ಆರಿಸುವುದು, ಉಪ್ಪಿನಲ್ಲಿ ಹಾಕುವುದು, ಮುರುಟಿದ ಮೇಲೆ ಸಾಸಿವೆ, ಮೆಣಸಿನ ಖಾರ ಅರೆಯುವುದು, ಬೆರೆಸಿ ಭರಣಿಗೆ ತುಂಬುವುದು, ಇವು ಹಂತಗಳು. ಹಿಂದುಮುಂದಾದರೆ ಉಪ್ಪಿನಕಾಯಿಯೇ ಆಗುವುದಿಲ್ಲ. ಇಲ್ಲಿ ಸಂಖ್ಯೆ ನಿಜಕ್ಕೂ ಕೆಲಸಕ್ಕೆ ಬರುತ್ತದೆ, ಎಲ್ಲಿದ್ದೇವೆ, ಇನ್ನೆಷ್ಟು ಉಳಿದಿದೆ ಅಂತ ಅಡುಗೆಮನೆಯಲ್ಲಿ ನಿಂತವರಿಗೆ ತಿಳಿಯುತ್ತದೆ.

ಈಗ ಜಾಸ್ತಿ ಜನ ಎಡವುವ ಜಾಗ. ‘ನಾಲ್ಕೇ ಹಂತದಲ್ಲಿ ಮಿಡಿ ಉಪ್ಪಿನಕಾಯಿ’ ಎಂದು ಬರೆಯುತ್ತೇವೆ. ಆ ಒಂದು ‘ಏ’ಕಾರ ಏನು ಹೇಳುತ್ತದೆ? ಇಷ್ಟೇ, ಬೇಗ ಮುಗಿಯುತ್ತದೆ ಅಂತ, ಅಲ್ವಾ? ಹಂತಗಳೇನೋ ನಾಲ್ಕೇ ಇವೆ. ಆದರೆ ಎರಡನೆಯದರಲ್ಲಿ ಮಿಡಿ ಉಪ್ಪಿನಲ್ಲಿ ಮುರುಟಲು ಹತ್ತು ಹದಿನೈದು ದಿನ ಬೇಕು, ದಿನಾ ಮಗುಚಬೇಕು. ಎಣಿಕೆ ಸರಿಯಿದ್ದೂ ಮಾತು ಸುಳ್ಳಾಯಿತು. ಸಂಜೆಗೆ ಉಪ್ಪಿನಕಾಯಿ ಆಗುತ್ತದೆಂದು ಮಿಡಿ ತಂದವರಿಗೆ ಬೇಸರವಾಗದೆ ಇರುತ್ತದೆಯೇ? ‘ಏ’ ತೆಗೆಯಿರಿ, ದಿನವನ್ನು ಮೇಲೆ ತನ್ನಿ: ‘ಮಿಡಿ ಉಪ್ಪಿನಕಾಯಿ: 4 ಹಂತ, ಎರಡು ವಾರ’. ನನಗೆ ಕೇಳಿದರೆ ಇಲ್ಲಿ ಹಂತದ ಲೆಕ್ಕಕ್ಕಿಂತ ವಾರದ ಲೆಕ್ಕವೇ ಮುಖ್ಯ.

ಕೆಲವು ಲೇಖನಕ್ಕೆ ಸಂಖ್ಯೆಯೇ ಬೇಡ. ಉಪ್ಪಿನಕಾಯಿಗೆ ಬೂಷ್ಟು ಹೇಗೆ ಬರುತ್ತದೆ ಅಂತ ವಿವರಿಸುತ್ತಿದ್ದರೆ ಅದು ಒಂದಕ್ಕೊಂದು ಕೊಂಡಿ ಹಾಕಿಕೊಂಡ ಕಥೆ: ಉಪ್ಪು ಕಡಿಮೆಯಾಯಿತು, ರಸ ಇಳಿಯಿತು, ಮೇಲೆ ಉಳಿದ ಮಿಡಿಗೆ ಗಾಳಿ ತಾಗಿತು. ಇದನ್ನು ‘5 ಕಾರಣಗಳು’ ಎಂದು ತುಂಡು ಮಾಡಿದರೆ ಕೊಂಡಿಯೇ ಕಳಚಿಹೋಗುತ್ತದೆ. ‘ಉಪ್ಪಿನಕಾಯಿಗೆ ಬೂಷ್ಟು ಬರುವುದೇಕೆ?’ ಎಂದು ಬರೆದುಬಿಡಿ.