ಕಸ ವಿಂಗಡಣೆ ರಿಲೇ: ಅನುಮಾನ ಹುಟ್ಟಿಸುವ ವಸ್ತುಗಳನ್ನೇ ಇಡಿ

ಆರು ಮಕ್ಕಳ ತಂಡಕ್ಕೆ 18 ವಸ್ತು ಸಾಕು. ಹತ್ತು ಹೆಜ್ಜೆ ದೂರದಲ್ಲಿ ಹಸಿ, ಮರುಬಳಕೆ, ಉಳಿದ ಒಣ ಕಸ ಎಂದು ಮೂರು ಬುಟ್ಟಿ ಇಡಿ. ಗಾಜು, ಬ್ಲೇಡು ಬೇಡವೇ ಬೇಡ.

ಬಾಳೆಹಣ್ಣಿನ ಸಿಪ್ಪೆಯಲ್ಲಿ ಯಾರೂ ತಪ್ಪುವುದಿಲ್ಲ. ಎಡವುವುದು ಹಾಲಿನ ಪ್ಯಾಕೆಟ್, ಚಿಪ್ಸ್ ಪ್ಯಾಕೆಟ್, ಪೇಪರ್ ಕಪ್‌ಗಳಲ್ಲಿ. ಅರ್ಧದಷ್ಟು ಇಂಥವೇ ಇರಲಿ. ಹಾಲಿನ ಪ್ಯಾಕೆಟ್ ತೊಳೆದರೆ ಮರುಬಳಕೆಗೆ ಹೋಗುತ್ತದೆ. ದಾರಿಯಲ್ಲೊಂದು ಬಕೆಟ್ ನೀರಿಡಿ, ತೊಳೆದೇ ಹಾಕಬೇಕು. ಚಿಪ್ಸ್ ಪ್ಯಾಕೆಟ್‌ನಲ್ಲಿ ಪ್ಲಾಸ್ಟಿಕ್‌ಗೆ ಲೋಹದ ತೆಳು ಪದರ ಅಂಟಿರುತ್ತದೆ, ಬಿಡಿಸುವುದು ಕಷ್ಟ. ಹಾಗಾಗಿ ಉಳಿದ ಒಣ ಕಸ. ಪೇಪರ್ ಕಪ್ಪಿನ ಒಳಮೈ ಹರಿದು ತೋರಿಸಿ, ಪ್ಲಾಸ್ಟಿಕ್ ಪೊರೆ ಕಾಣುತ್ತದೆ. ಅದೂ ಅಲ್ಲಿಗೇ.

ವೇಗಕ್ಕಷ್ಟೇ ಅಂಕ ಕೊಟ್ಟರೆ ಮಕ್ಕಳು ಹತ್ತಿರದ ಬುಟ್ಟಿಗೆ ಎಸೆದು ಓಡುತ್ತಾರೆ. ಪ್ರತಿ ತಪ್ಪಿಗೆ 10 ಸೆಕೆಂಡ್ ಸೇರಿಸಿ, ಕೊನೆಗೆ ಬುಟ್ಟಿಗಳನ್ನು ಅವರೇ ಸುರಿದು ಪರೀಕ್ಷಿಸಲಿ.